ಸರಾಸರಿ 19 ಸೆಕೆಂಡು, ಆದರೂ ದಿನಾ ಸಂಜೆ ಫೋನು: ಟೆಂಡರ್ ಬಿಲ್ಲಿನ ಕ್ಯೂ ಬಗ್ಗೆ ಸಲಹೆ ಬೇಕು

ತೋಟದಮನೆ_ಶಿರಸಿ · ಸೋಮವಾರ ರಾತ್ರಿ 9:12

ನಾನು ಶಿರಸಿಯಲ್ಲಿ ಸಣ್ಣ ಸಾಫ್ಟ್‌ವೇರ್ ಅಂಗಡಿಯೊಂದರಲ್ಲಿ ಕೆಲಸ ಮಾಡುವವಳು. ಅಡಿಕೆ ಮಾರಾಟದ ಒಂದು ಸಂಘಕ್ಕೆ ಬಿಲ್ ಕಳಿಸುವ ವ್ಯವಸ್ಥೆ ನಮ್ಮದು. ಟೆಂಡರ್ ಮುಗಿದು ದರ ಒಪ್ಪಿಗೆಯಾದ ಮೇಲೆ ಗುಮಾಸ್ತರು ಒಂದೊಂದೇ ಲಾಟನ್ನು ಖಾತ್ರಿ ಮಾಡುತ್ತಾರೆ. ಖಾತ್ರಿ ಮಾಡಿದ ಕೂಡಲೇ ಒಂದು ಟಾಸ್ಕ್ ಕ್ಯೂ ಸೇರುತ್ತದೆ. ವರ್ಕರ್ ಅದನ್ನು ಎತ್ತಿಕೊಂಡು ಬಿಲ್ ತಯಾರಿಸಿ ಸದಸ್ಯರ ಮೊಬೈಲಿಗೆ ಸಂದೇಶ ಕಳಿಸುತ್ತದೆ. ರಾಶಿ ಅಡಿಕೆ ಎಷ್ಟು, ಚಾಲಿ ಅಡಿಕೆ ಎಷ್ಟು, ಯಾವ ದರಕ್ಕೆ ಹೋಯಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ.

ದಿನಕ್ಕೆ ಸುಮಾರು 600 ಬಿಲ್. ಟಾಸ್ಕ್ ಕ್ಯೂ ಸೇರಿದ ಹೊತ್ತಿನಿಂದ ಮುಗಿಯುವವರೆಗಿನ ಸರಾಸರಿ ಸಮಯವನ್ನು ದಿನಾ ನೋಡುತ್ತೇನೆ. ಕಳೆದ ವಾರ ಅದು 19 ಸೆಕೆಂಡಿನ ಆಚೆ ಈಚೆ ಇತ್ತು. 19 ಸೆಕೆಂಡು ಯಾರಿಗೂ ಕಷ್ಟವಲ್ಲ ಅಂದುಕೊಂಡಿದ್ದೆ. ಆದರೆ ಸಂಜೆ ನಾಲ್ಕರ ಹೊತ್ತಿಗೆ ಸಂಘದ ಕಚೇರಿಗೆ ಫೋನು ಶುರುವಾಗುತ್ತದೆ. "ಪಕ್ಕದ ಮನೆಯವರಿಗೆ ಮೆಸೇಜ್ ಬಂತು, ನಮಗೆ ಬಂದಿಲ್ಲ, ನಮ್ಮ ಅಡಿಕೆ ಹೋಗಲಿಲ್ಲವಾ?" ಅಂತ. ಗುಮಾಸ್ತರು ನನಗೆ ಫೋನ್ ಮಾಡುತ್ತಾರೆ. ನಾನು ಲೆಕ್ಕ ತೋರಿಸುತ್ತೇನೆ, ಅವರು ನಂಬುವುದಿಲ್ಲ. ಲೆಕ್ಕ ಸರಿ ಇದೆ, ದೂರೂ ಸುಳ್ಳಲ್ಲ. ನಾನು ಏನನ್ನು ತಪ್ಪಾಗಿ ನೋಡುತ್ತಿದ್ದೇನೆ?

ಘಟ್ಟದಕೆಳಗೆ · ಸೋಮವಾರ ರಾತ್ರಿ 9:40

ಸರಾಸರಿ ಬಿಡಿ, ಪಿ95 ಅಂದರೆ 95ನೇ ಪರ್ಸೆಂಟೈಲ್ ನೋಡಿ. ಇಂಥ ಕೆಲಸಕ್ಕೆ ಎಲ್ಲರೂ ಅದನ್ನೇ ನೋಡುವುದು. ಹೊನ್ನಾವರದಿಂದ ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ, ನಮ್ಮ ಕಂಪನಿಯಲ್ಲಿ ಸರಾಸರಿ ಗ್ರಾಫನ್ನೇ ತೆಗೆದುಹಾಕಿದ್ದೇವೆ.

ಹಳೇಲೆಕ್ಕ · ಸೋಮವಾರ ರಾತ್ರಿ 10:05

ತಂಗೀ, ನಾನು ಕುಮಟಾದಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು. ಈ ಪರ್ಸೆಂಟೈಲ್ ಎಂಬುದು ಈಗ ಪ್ರವೇಶ ಪರೀಕ್ಷೆಯ ಫಲಿತಾಂಶದಲ್ಲಿ ಬರುತ್ತದಲ್ಲ, ಅದೇ ಅಲ್ಲವೇ? 95 ಪರ್ಸೆಂಟೈಲ್ ಬಂದ ಹುಡುಗ ಚೆನ್ನಾಗಿ ಮಾಡಿದ ಅಂತ ಅರ್ಥ. ಹಾಗಿದ್ದರೆ ನಿನ್ನ 95ನೇ ಬಿಲ್ಲೂ ಚೆನ್ನಾಗಿ ಹೋದ ಬಿಲ್ಲೇ ಆಗಬೇಕು. ಅದನ್ನು ನೋಡಿ ಏನು ಪ್ರಯೋಜನ?

ಕಾಳಿದಂಡೆ · ಸೋಮವಾರ ರಾತ್ರಿ 10:31

ಮೇಷ್ಟ್ರೆ, ಲೆಕ್ಕ ಅದೇ, ದಿಕ್ಕು ಬೇರೆ. ಪರೀಕ್ಷೆಯಲ್ಲಿ ಅಂಕ ಹೆಚ್ಚಾದಷ್ಟೂ ಒಳ್ಳೆಯದು, ಇಲ್ಲಿ ಸಮಯ ಹೆಚ್ಚಾದಷ್ಟೂ ಕೆಟ್ಟದ್ದು. 600 ಬಿಲ್ಲುಗಳನ್ನು ಬೇಗ ಮುಗಿದದ್ದರಿಂದ ತಡವಾಗಿ ಮುಗಿದದ್ದರವರೆಗೆ ಸಾಲಾಗಿ ನಿಲ್ಲಿಸಿ. 570ನೆಯದಕ್ಕೆ ಎಷ್ಟು ಹೊತ್ತು ಹಿಡಿಯಿತೋ ಅದು ಪಿ95. ಅದರ ಆಚೆ ಇನ್ನೂ 30 ಮಂದಿ ಅದಕ್ಕಿಂತ ಹೆಚ್ಚು ಕಾದವರು ನಿಂತಿದ್ದಾರೆ.

ತೋಟದಮನೆಯವರೆ, ಸಂಖ್ಯೆ ಕೊಡದೆ ಊಹೆ ಮಾಡುವುದು ಬೇಡ. ಒಂದು ದಿನದ್ದು ತೆಗೆದು ಹಾಕಿ: 300ನೇ ಬಿಲ್, 570ನೇ ಬಿಲ್, 594ನೇ ಬಿಲ್, ಕೊನೆಯ ಬಿಲ್. ಜೊತೆಗೆ ಒಂದು ಪ್ರಶ್ನೆ. ಆ ವರ್ಕರ್ ಬಿಲ್ ಬಿಟ್ಟು ಬೇರೆ ಏನಾದರೂ ಕೆಲಸ ಮಾಡುತ್ತದೆಯೇ?

ತೋಟದಮನೆ_ಶಿರಸಿ · ಮಂಗಳವಾರ ಬೆಳಿಗ್ಗೆ 11:20

ಶುಕ್ರವಾರದ್ದು ತೆಗೆದೆ. 600 ಬಿಲ್, ಸರಾಸರಿ 19 ಸೆಕೆಂಡು.

300ನೆಯದು 3 ಸೆಕೆಂಡು. 570ನೆಯದು 90 ಸೆಕೆಂಡು. 594ನೆಯದು 450 ಸೆಕೆಂಡು, ಅಂದರೆ ಏಳೂವರೆ ನಿಮಿಷ. ಕೊನೆಯದು 9 ನಿಮಿಷ.

ಕಾಳಿದಂಡೆಯವರ ಪ್ರಶ್ನೆ ನೋಡಿದ ಮೇಲೆ ಉಳಿದದ್ದೂ ಹೊಳೆಯಿತು. ಅದೇ ವರ್ಕರ್ ವಾರ್ಷಿಕ ಖಾತೆ ಪಟ್ಟಿಯ ಪಿಡಿಎಫ್ ಕೂಡ ಮಾಡುತ್ತದೆ. ಒಂದು ಪಟ್ಟಿಗೆ ಒಂದೂವರೆ ನಿಮಿಷ. ಶುಕ್ರವಾರ ಮೂರೂ ಐವತ್ತಕ್ಕೆ ಕೌಂಟರಿನಲ್ಲಿ ಯಾರೋ ಆರು ಜನರ ಪಟ್ಟಿಯನ್ನು ಒಟ್ಟಿಗೆ ಕೇಳಿದ್ದಾರೆ. ಆರು ಪಟ್ಟಿಗೆ 9 ನಿಮಿಷ. ಆ 9 ನಿಮಿಷದಲ್ಲಿ ಖಾತ್ರಿಯಾದ ಬಿಲ್ಲುಗಳು 36. ಮೊದಲು ಸಿಕ್ಕಿಬಿದ್ದವರು ಪೂರ್ತಿ ಒಂಬತ್ತು ನಿಮಿಷ ಕಾದಿದ್ದಾರೆ, ಕೊನೆಗೆ ಬಂದವರು ಕೆಲವೇ ಸೆಕೆಂಡು. ಉಳಿದ 564 ಜನರಿಗೆ ಮೂರು ನಾಲ್ಕು ಸೆಕೆಂಡಿನಲ್ಲಿ ಸಂದೇಶ ಹೋಗಿದೆ.

ಒಂದು ವಿಷಯ ನನಗೆ ನಿಜಕ್ಕೂ ಬೇಸರ ತಂದಿತು. 600ರಲ್ಲಿ 19 ಸೆಕೆಂಡಿನ ಆಸುಪಾಸು ಮುಗಿದ ಬಿಲ್ಲುಗಳು ಬೆರಳೆಣಿಕೆಯಷ್ಟೂ ಇಲ್ಲ. ಇಷ್ಟು ದಿನ ನಾನು ಗುಮಾಸ್ತರಿಗೆ ಹೇಳುತ್ತಿದ್ದದ್ದು ಯಾರ ಅನುಭವವೂ ಅಲ್ಲದ ಒಂದು ಸಂಖ್ಯೆಯನ್ನು.

ಕಾಳಿದಂಡೆ · ಮಂಗಳವಾರ ಮಧ್ಯಾಹ್ನ 1:02

ಈಗ ಚಿತ್ರ ಸ್ಪಷ್ಟವಾಯಿತು. 564 ಜನರ ಮೂರು ಸೆಕೆಂಡು, 36 ಜನರ ಸರಾಸರಿ ನಾಲ್ಕೂವರೆ ನಿಮಿಷ. ಎರಡನ್ನೂ ಒಂದೇ ಕೊಳಗದಲ್ಲಿ ಹಾಕಿ ಅಳೆದರೆ 19 ಬರುತ್ತದೆ. ನಿಮ್ಮ ಕ್ಯೂನಲ್ಲಿ ಇರುವುದು ಎರಡು ಗುಂಪು: ಪಟ್ಟಿಗಳ ಹಿಂದೆ ಸಿಕ್ಕಿಕೊಂಡವರು ಮತ್ತು ಸಿಕ್ಕಿಕೊಳ್ಳದವರು. ನಡುವೆ ಯಾರೂ ಇಲ್ಲ.

ಪರಿಹಾರ ನಿಮಗೇ ಗೊತ್ತಾಗಿರಬೇಕು. ಪಟ್ಟಿಗಳಿಗೆ ಬೇರೆ ಕ್ಯೂ, ಬೇರೆ ವರ್ಕರ್ ಮಾಡಿ. ಆದರೆ ಅದನ್ನು ಮಾಡುವ ಮೊದಲು ಅಳತೆ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಸರಿಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಸೇರಿದ್ದರಿಂದ ಶುರುವಾಗುವವರೆಗೆ ಎಷ್ಟು, ಶುರುವಾದ ಮೇಲೆ ಮುಗಿಯುವವರೆಗೆ ಎಷ್ಟು ಅಂತ ಎರಡನ್ನೂ ಬೇರೆ ಬೇರೆ ಬರೆದಿಡಿ. ಶುಕ್ರವಾರದ ಆ 36 ಬಿಲ್ಲುಗಳ ಓಡುವ ಸಮಯ ಉಳಿದ ಬಿಲ್ಲುಗಳಷ್ಟೇ ಇರುತ್ತದೆ, ಬರೆದುಕೊಡುತ್ತೇನೆ. ಪೂರಾ ಹೊತ್ತು ಹೋಗಿರುವುದು ಕಾಯುವುದರಲ್ಲಿ. ವರ್ಕರ್‌ನ ಓಡುವ ಸಮಯವೊಂದನ್ನೇ ನೋಡುವವರಿಗೆ ಇಂಥ ತೊಂದರೆ ಯಾವ ಪರ್ಸೆಂಟೈಲಿನಲ್ಲೂ ಕಾಣುವುದಿಲ್ಲ.

ಘಟ್ಟದಕೆಳಗೆ · ಮಂಗಳವಾರ ಮಧ್ಯಾಹ್ನ 1:30

ನಾನು ಹೇಳಿದ್ದು ಅದೇ. ಅಕ್ಕಾ, ದಿನಾ 600 ಬಿಲ್ ಸಾಲು ನಿಲ್ಲಿಸುವುದು ಬೇಡ. ಪ್ರತಿ ಗಂಟೆಗೆ ಪಿ99 ತೆಗೆದಿಟ್ಟುಕೊಳ್ಳಿ, ಸಂಜೆ ಆ ಎಂಟು ಗಂಟೆಗಳದ್ದನ್ನು ಕೂಡಿಸಿ ಎಂಟರಿಂದ ಭಾಗಿಸಿದರೆ ದಿನದ ಪಿ99 ಸಿಗುತ್ತದೆ. ನಮ್ಮಲ್ಲಿ ವಾರದ ವರದಿಯನ್ನೂ ಹೀಗೇ ಮಾಡುವುದು.

ಕಾಳಿದಂಡೆ · ಮಂಗಳವಾರ ಮಧ್ಯಾಹ್ನ 2:15

ಅದನ್ನು ಮಾತ್ರ ಮಾಡಬೇಡಿ ತಮ್ಮಾ. ಶುಕ್ರವಾರದ್ದನ್ನೇ ಹಾಕಿ ನೋಡಿ. ಏಳು ಗಂಟೆಗಳಲ್ಲಿ ಪಿ99 ಅಂದಾಜು 4 ಸೆಕೆಂಡು. ಮೂರೂವರೆಯಿಂದ ನಾಲ್ಕೂವರೆಯ ಗಂಟೆಯಲ್ಲಿ 200 ಬಿಲ್ ಇತ್ತು ಅಂತಿಟ್ಟುಕೊಳ್ಳಿ, ಸಿಕ್ಕಿಬಿದ್ದ 36 ಅದರಲ್ಲೇ. ಆ ಗಂಟೆಯ ಪಿ99 ಸುಮಾರು 510 ಸೆಕೆಂಡು. ಎಲ್ಲ ಕೂಡಿಸಿ ಎಂಟರಿಂದ ಭಾಗಿಸಿದರೆ 67 ಸೆಕೆಂಡು. ನಿಜವಾದ ದಿನದ ಪಿ99 ಎಷ್ಟಿತ್ತು? 450. ಏಳೂವರೆ ನಿಮಿಷ ಕಾದದ್ದು ಒಂದು ನಿಮಿಷ ಏಳು ಸೆಕೆಂಡಾಗಿಬಿಟ್ಟಿತು. ಸರಾಸರಿಯನ್ನು ಹಿಂಬಾಗಿಲಿನಿಂದ ಮತ್ತೆ ಒಳಗೆ ಕರೆದ ಹಾಗೆ.

ಪರ್ಸೆಂಟೈಲ್ ಎಂದರೆ ಸಾಲಿನಲ್ಲಿ ಒಂದು ಜಾಗ. ಎಂಟು ಬೇರೆ ಬೇರೆ ಸಾಲುಗಳ ಜಾಗಗಳನ್ನು ಕೂಡಿಸಿದರೆ ಒಟ್ಟು ಸಾಲಿನ ಜಾಗ ಸಿಗುವುದಿಲ್ಲ. ಬೆಳಿಗ್ಗೆ ಹತ್ತರ ಗಂಟೆಯಲ್ಲಿ 20 ಬಿಲ್ ಇದ್ದರೂ ಅದಕ್ಕೆ ನಾಲ್ಕರ ಗಂಟೆಯ 200 ಬಿಲ್ಲಿನಷ್ಟೇ ತೂಕ ಕೊಟ್ಟ ಹಾಗಾಗುತ್ತದೆ.

600 ಸಂಖ್ಯೆಗಳನ್ನು ಒಂದು ದಿನ ಇಟ್ಟುಕೊಳ್ಳುವುದು ಡೇಟಾಬೇಸಿಗೆ ಏನೂ ಭಾರವಲ್ಲ, ಹಾಗೇ ಇಟ್ಟುಕೊಳ್ಳಿ. ದಿನಕ್ಕೆ ಕೋಟಿಗಟ್ಟಲೆ ಟಾಸ್ಕ್ ಇರುವವರು ಎಣಿಕೆ ಇಟ್ಟುಕೊಳ್ಳುತ್ತಾರೆ: 5 ಸೆಕೆಂಡಿನೊಳಗೆ ಎಷ್ಟು, 30ರೊಳಗೆ ಎಷ್ಟು, 60ರೊಳಗೆ, 300ರೊಳಗೆ ಎಷ್ಟು ಅಂತ. ಎಣಿಕೆಗಳನ್ನು ಗಂಟೆಗಂಟೆಗೆ ಕೂಡಿಸಬಹುದು, ಕೂಡಿಸಿದ ಮೇಲೆ ಪರ್ಸೆಂಟೈಲ್ ತೆಗೆಯಬಹುದು. ಕರಾರುವಾಕ್ಕಾಗಿ ಸಿಗುವುದಿಲ್ಲ, ಯಾವ ಬಕೆಟ್ಟಿನಲ್ಲಿ, ಅಂದರೆ ಇಂಥ ಯಾವ ಎರಡು ಗಡಿಗಳ ನಡುವೆ ಇದೆ ಎಂಬಷ್ಟು ಸಿಗುತ್ತದೆ.

ಘಟ್ಟದಕೆಳಗೆ · ಮಂಗಳವಾರ ಮಧ್ಯಾಹ್ನ 2:48

ಒಪ್ಪಿದೆ. ವಾರದ ವರದಿಯ ಬಗ್ಗೆ ನಾಳೆಯೇ ಆಫೀಸಿನಲ್ಲಿ ಮಾತಾಡಬೇಕು. ಆದರೆ ನಮ್ಮ ಲೈವ್ ಗ್ರಾಫ್ ಪ್ರೊಮಿಥಿಯಸ್ ಎಂಬ ಅಳತೆ ಸಾಫ್ಟ್‌ವೇರ್‌ನದ್ದು, ಅದರಲ್ಲಿ ಬಕೆಟ್ ಲೆಕ್ಕವೇ ಇರುವುದು. ಅದರಲ್ಲಿ ನಮ್ಮ ಪಿ99 ಎಷ್ಟೇ ಗಡಿಬಿಡಿ ಇದ್ದ ದಿನವೂ 10 ಸೆಕೆಂಡು ದಾಟುವುದಿಲ್ಲ. ಹಾಗಾಗಿ ನಮ್ಮ ಕ್ಯೂ ಗಟ್ಟಿ ಇದೆ ಅಂತ ಧೈರ್ಯ.

ಕಾಳಿದಂಡೆ · ಮಂಗಳವಾರ ಮಧ್ಯಾಹ್ನ 3:10

ಸರಿಯಾಗಿ 10ಕ್ಕೇ ಹೋಗಿ ನೆಟ್ಟಗೆ ಗೆರೆ ಎಳೆದ ಹಾಗೆ ನಿಲ್ಲುತ್ತದೆಯೇ? ಹಾಗಿದ್ದರೆ ಬಕೆಟ್‌ಗಳನ್ನು ನೀವು ಯಾರೂ ಬದಲಾಯಿಸಿಲ್ಲ. ಅದರ ಗೋ ಲೈಬ್ರರಿಯಲ್ಲಿ ತಾನಾಗಿ ಬರುವ ಬಕೆಟ್‌ಗಳಲ್ಲಿ ದೊಡ್ಡದು 10 ಸೆಕೆಂಡು. ಅವು ವೆಬ್ ಪುಟ ಎಷ್ಟು ಬೇಗ ತೆರೆಯುತ್ತದೆ ಎಂಬಂಥ ಅಳತೆಗೆ ಸರಿ, ನಿಮಿಷಗಟ್ಟಲೆ ಕಾಯುವ ಕ್ಯೂಗೆ ಅಲ್ಲ. 10 ದಾಟಿದ್ದೆಲ್ಲ `+Inf` ಬಕೆಟ್ಟಿಗೆ ಬೀಳುತ್ತದೆ. ಪರ್ಸೆಂಟೈಲ್ ಅಲ್ಲಿ ಬಿದ್ದರೆ `histogram_quantile` ಅದರ ಹಿಂದಿನ ಬಕೆಟ್ಟಿನ ಮೇಲಿನ ಅಂಚನ್ನೇ ಉತ್ತರವಾಗಿ ಕೊಡುತ್ತದೆ. 11 ಸೆಕೆಂಡಾದರೂ 10, ಒಂದು ಗಂಟೆಯಾದರೂ 10.

ಘಟ್ಟದಕೆಳಗೆ · ಮಂಗಳವಾರ ಮಧ್ಯಾಹ್ನ 3:14

ಹೌದು, ನೆಟ್ಟಗೆ 10ಕ್ಕೇ ನಿಲ್ಲುತ್ತದೆ. ಈಗಲೇ ನೋಡುತ್ತೇನೆ.

ಬಂದರುಬದಿ · ಮಂಗಳವಾರ ಸಂಜೆ 6:25

ಕಾರವಾರದಿಂದ. ನಮ್ಮದು ಸಣ್ಣ ಜಾಗ, ದಿನಕ್ಕೆ 40 ಸ್ಕ್ಯಾನಿಂಗ್ ವರದಿ ಕ್ಯೂಗೆ ಹೋಗುತ್ತವೆ. ನಿಮ್ಮ ಮಾತು ಓದಿ ನಾನೂ ದಿನದ ಪಿ99 ತೆಗೆದೆ. ಒಂದು ದಿನ 20 ಸೆಕೆಂಡು, ಮರುದಿನ 11 ನಿಮಿಷ, ಅದರ ಮರುದಿನ 35 ಸೆಕೆಂಡು. ಏನೂ ಅರ್ಥವಾಗುವುದಿಲ್ಲ. ಸಾಫ್ಟ್‌ವೇರ್ ಕೊಟ್ಟವರನ್ನು ಕರೆಸಬೇಕಾ?

ಕಾಳಿದಂಡೆ · ಮಂಗಳವಾರ ರಾತ್ರಿ 8:00

40ರಲ್ಲಿ ಪಿ99 ಎಂದರೆ 40ನೆಯದೇ, ಅಂದರೆ ಆ ದಿನ ಎಲ್ಲಕ್ಕಿಂತ ತಡವಾದ ಒಂದು ವರದಿ. ಒಂದೇ ವರದಿಯ ಹಣೆಬರಹವನ್ನು ಇಡೀ ದಿನದ ಸ್ಥಿತಿ ಅಂತ ಓದುತ್ತಿದ್ದೀರಿ, ಅದಕ್ಕೇ ಅಷ್ಟು ಜಿಗಿಯುತ್ತದೆ. ದಿನದ ಲೆಕ್ಕಕ್ಕೆ ಪಿ90 ಇಟ್ಟುಕೊಳ್ಳಿ, ಆಗ ನಾಲ್ಕು ವರದಿ ಅದರಾಚೆ ಇರುತ್ತವೆ. ಪಿ99 ಬೇಕೇ ಬೇಕೆಂದರೆ ಒಂದೆರಡು ತಿಂಗಳಿನ ವರದಿಗಳನ್ನು ಒಟ್ಟು ಹಾಕಿ ತೆಗೆಯಿರಿ. ಆ 11 ನಿಮಿಷದ ವರದಿಯನ್ನು ಮಾತ್ರ ಹುಡುಕಿ ಏನಾಯಿತೆಂದು ನೋಡಿ. 40 ಇದ್ದಾಗ ಒಂದೊಂದನ್ನೂ ಕಣ್ಣಾರೆ ನೋಡಬಹುದು, ಅದು ದೊಡ್ಡ ಕ್ಯೂ ಇರುವವರಿಗೆ ಇಲ್ಲದ ಅನುಕೂಲ.

ಹಳೇಲೆಕ್ಕ · ಮಂಗಳವಾರ ರಾತ್ರಿ 9:18

ನನಗೀಗ ದಿಕ್ಕು ತಿಳಿಯಿತು. ಶಿರಸಿಗೆ ಮಗಳ ಮನೆಗೆ ಹೋದವನು ಕುಮಟಾದಲ್ಲಿ ರೈಲು ಹಿಡಿಯಲು ಹೊರಡುವಾಗ ನಾನು ಎಂದೂ ಸರಾಸರಿ ಸಮಯ ನೋಡಿ ಹೊರಟವನಲ್ಲ. ದೇವಿಮನೆ ಘಾಟಿನಲ್ಲಿ ಲಾರಿ ಕೆಟ್ಟು ನಿಂತ ದಿನವನ್ನೂ ನೆನಪಿಟ್ಟುಕೊಂಡೇ ಮನೆ ಬಿಡುವುದು. ಸಂಘದ ಸದಸ್ಯರಿಗೆ ಮಾತು ಕೊಡುವಾಗಲೂ ಹಾಗೇ ಕೊಡಬೇಕು, ಸರಿ.

ಆದರೆ ಸರಾಸರಿ ಗ್ರಾಫನ್ನೇ ತೆಗೆದುಹಾಕಿದ್ದೇವೆ ಎಂಬ ಹೊನ್ನಾವರದ ಹುಡುಗನ ಮಾತನ್ನು ನಾನು ಒಪ್ಪುವುದಿಲ್ಲ. ಕೂಡಿಸಲು ಬರುವುದು ಸರಾಸರಿಗೆ ಮಾತ್ರ. ಒಂದು ಪಟ್ಟಿಗೆ ಸರಾಸರಿ 90 ಸೆಕೆಂಡು, ಮಾರ್ಚ್ ಕೊನೆಯಲ್ಲಿ ದಿನಕ್ಕೆ 60 ಪಟ್ಟಿ ಬಂದರೆ 5400 ಸೆಕೆಂಡು, ಒಬ್ಬ ವರ್ಕರ್‌ಗೆ ಒಂದೂವರೆ ಗಂಟೆಯ ಕೆಲಸ. ಎಷ್ಟು ವರ್ಕರ್ ಬೇಕು ಎಂಬ ಲೆಕ್ಕವನ್ನು ಪಿ95 ಇಟ್ಟುಕೊಂಡು ಹೇಗೆ ಮಾಡುತ್ತೀರಿ? ಒಬ್ಬರು ಎಷ್ಟು ಕಾದರು ಎನ್ನುವುದು ಒಂದು ಪ್ರಶ್ನೆ, ಒಟ್ಟು ಕೆಲಸ ಎಷ್ಟಿದೆ ಎನ್ನುವುದು ಇನ್ನೊಂದು.

ಕಾಳಿದಂಡೆ · ಮಂಗಳವಾರ ರಾತ್ರಿ 9:30

ಮೇಷ್ಟ್ರು ಹೇಳಿದ್ದು ಪೂರ್ತಿ ಸರಿ. ಓಡುವ ಸಮಯದ ಸರಾಸರಿ ಇಟ್ಟುಕೊಳ್ಳಲೇಬೇಕು.

ತೋಟದಮನೆ_ಶಿರಸಿ · ಬುಧವಾರ ಸಂಜೆ 5:22

ಇವತ್ತು ಒಂದು ವಿಚಿತ್ರ. ನಿನ್ನೆ ರಾತ್ರಿಯೇ ಪರ್ಸೆಂಟೈಲ್ ಕ್ವೆರಿ ಬರೆದು ಪರದೆಗೆ ಹಾಕಿದ್ದೆ. ನಮ್ಮ ಕ್ಯೂ ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್ಲು, ಅದಕ್ಕೇ ಇದು:

```sql
SELECT count(*),
       percentile_disc(0.95) WITHIN GROUP
         (ORDER BY finished_at - created_at) AS p95
FROM tasks
WHERE kind = 'bill'
  AND created_at >= now() - interval '1 hour';
```

ನಾಲ್ಕೂ ಮೂವತ್ತೈದಕ್ಕೆ ಸಂದೇಶ ಕಳಿಸುವ ಗೇಟ್‌ವೇ ಉತ್ತರ ಕೊಡುವುದನ್ನು ನಿಲ್ಲಿಸಿದೆ. ನಾವು ಟೈಮ್‌ಔಟ್ ಇಟ್ಟಿರಲಿಲ್ಲ, ವರ್ಕರ್ ಅಲ್ಲೇ ಕಾಯುತ್ತ ಕೂತುಬಿಟ್ಟಿತು. ಐದು ಗಂಟೆಗೆ ಗುಮಾಸ್ತರ ಫೋನ್ ಬಂದ ಮೇಲೆ ಪರದೆ ನೋಡಿದೆ. ಹಿಂದಿನ ಒಂದು ಗಂಟೆಯಲ್ಲಿ 90 ಬಿಲ್, ಪಿ95 4 ಸೆಕೆಂಡು! ಕ್ಯೂ ಸತ್ತು ಬಿದ್ದಿದೆ, ಪರದೆ ಮಾತ್ರ ಎಲ್ಲ ಕ್ಷೇಮ ಅನ್ನುತ್ತಿದೆ. ಸರಾಸರಿ ಬಿಟ್ಟು ಪರ್ಸೆಂಟೈಲ್‌ಗೆ ಬಂದರೂ ಹೀಗೇಕೆ?

ಕಾಳಿದಂಡೆ · ಬುಧವಾರ ಸಂಜೆ 6:05

90 ಎಂದು ತೋರಿಸಿದೆಯಲ್ಲ, ಅದರಲ್ಲಿ `finished_at` ಖಾಲಿ ಇರುವುದು ಎಷ್ಟು?

ತೋಟದಮನೆ_ಶಿರಸಿ · ಬುಧವಾರ ಸಂಜೆ 6:11

28.

ಕಾಳಿದಂಡೆ · ಬುಧವಾರ ಸಂಜೆ 6:44

ಅಲ್ಲಿದೆ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ `count(*)` ಎಲ್ಲ ಸಾಲುಗಳನ್ನೂ ಎಣಿಸುತ್ತದೆ, ಆದರೆ `percentile_disc` ಖಾಲಿ ಬೆಲೆಗಳನ್ನು ಸದ್ದಿಲ್ಲದೆ ಬದಿಗಿಡುತ್ತದೆ. ಹಾಗಾಗಿ ಪರದೆಯ ಮೇಲೆ 90 ಎಂದಿದ್ದರೂ ಪಿ95 ಲೆಕ್ಕವಾದದ್ದು ಮುಗಿದ 62 ಬಿಲ್ಲುಗಳದ್ದು ಮಾತ್ರ. ಮುಗಿದವು ಬೇಗ ಮುಗಿದಂಥವೇ. ಸಿಕ್ಕಿಕೊಂಡವು ಲೆಕ್ಕದ ಒಳಗೇ ಬಂದಿಲ್ಲ.

ಸರಾಸರಿಗೆ ಹೋಲಿಸಿದರೆ ಇದು ಹೆಚ್ಚು ಅಪಾಯದ ತಪ್ಪು ಅಂತ ನನಗನಿಸುತ್ತದೆ, ಏಕೆಂದರೆ ತೊಂದರೆ ಹೆಚ್ಚಾದಷ್ಟೂ ಸಂಖ್ಯೆ ಚೆಂದ ಕಾಣುತ್ತದೆ. ಕೆಲವರು `finished_at` ಹಿಂದಿನ ಒಂದು ಗಂಟೆಯೊಳಗೆ ಇರುವುದನ್ನು ಮಾತ್ರ ಆರಿಸುತ್ತಾರೆ. ಅವರಿಗಂತೂ ಸಿಕ್ಕಿಕೊಂಡ ಟಾಸ್ಕ್ ಇದೆ ಎಂಬುದೇ ಕಾಣುವುದಿಲ್ಲ. ನೀವು `created_at` ಮೇಲೆ ಆರಿಸಿದ್ದು ಸರಿಯಾಗಿದೆ, ಅದನ್ನು ಬದಲಾಯಿಸಬೇಡಿ.

ಸರಿಪಡಿಸುವುದು ಹೀಗೆ. ಮುಗಿಯದ ಬಿಲ್ಲಿಗೆ ಎಷ್ಟು ಹೊತ್ತು ಹಿಡಿಯುತ್ತದೋ ನಮಗೆ ತಿಳಿಯದು. ಆದರೆ ಈಗಾಗಲೇ ಮುಗಿದವುಗಳ ಹಿಂದೆ ಅದು ಸಾಲಿನಲ್ಲಿ ನಿಲ್ಲಬೇಕು. ಅದಕ್ಕೆ ಅನಂತವನ್ನೇ ಕೊಟ್ಟುಬಿಡಿ:

```sql
percentile_disc(0.95) WITHIN GROUP (ORDER BY
  coalesce(
    extract(epoch FROM finished_at - created_at)::float8,
    'infinity'))
```

ಇವತ್ತಿನ 90 ಬಿಲ್ಲಿನಲ್ಲಿ 62 ಮುಗಿದಿವೆ, ಅಂದರೆ ಸಾಲಿನ ಶೇಕಡಾ 68ರವರೆಗೆ ಮಾತ್ರ ಸಂಖ್ಯೆ ಇದೆ. ಪಿ50 ಕೇಳಿದರೆ 3 ಸೆಕೆಂಡು ಅಂತಲೇ ಬರುತ್ತದೆ, ಅದು ನಿಜವೂ ಹೌದು. ಪಿ95 ಕೇಳಿದರೆ ಪರದೆಯ ಮೇಲೆ `Infinity` ಅಂತ ಬರುತ್ತದೆ. ಅದನ್ನು ನೋಡಿಯೂ ಯಾರೂ ಸುಮ್ಮನೆ ಕೂರುವುದಿಲ್ಲ. ಇಲ್ಲಿ `percentile_disc` ಅನ್ನೇ ಬಳಸಿ. `percentile_cont` ಎರಡು ಬೆಲೆಗಳ ನಡುವೆ ಲೆಕ್ಕ ಹಾಕಿ ತುಂಬಿಸುತ್ತದೆ, ಅನಂತದ ಜೊತೆ ಆ ಲೆಕ್ಕ ನಡೆಯುವುದಿಲ್ಲ.

ಒಂದು ಎಚ್ಚರಿಕೆ. ಈಗಷ್ಟೇ ಕ್ಯೂ ಸೇರಿ ಎರಡು ಸೆಕೆಂಡಾದ ಬಿಲ್ಲಿಗೂ ಅನಂತ ಸಿಗುತ್ತದೆ, ಪಾಪ ಅದರ ತಪ್ಪೇನಿಲ್ಲ. ಅದಕ್ಕೆ ಕೊನೆಯ ಹತ್ತು ನಿಮಿಷ ಬಿಟ್ಟು ಅದರ ಹಿಂದಿನ ಒಂದು ಗಂಟೆ ತೆಗೆದುಕೊಳ್ಳಿ. ಹಾಗೆ ಮಾಡಿದರೆ ಪರದೆ ಹತ್ತು ನಿಮಿಷ ಹಿಂದಿನ ಸ್ಥಿತಿ ಹೇಳುತ್ತದೆ. ಆ ಹತ್ತು ನಿಮಿಷಕ್ಕೆ ಇನ್ನೊಂದು ಸಂಖ್ಯೆ ಪಕ್ಕದಲ್ಲಿಡಿ: ಮುಗಿಯದ ಬಿಲ್ಲುಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೆ ಎಷ್ಟು ನಿಮಿಷವಾಯಿತು ಅಂತ. ಇವತ್ತು ಆ ಸಂಖ್ಯೆ ಇದ್ದಿದ್ದರೆ ನಾಲ್ಕೂ ನಲವತ್ತಕ್ಕೇ ಗೊತ್ತಾಗುತ್ತಿತ್ತು.

ಮತ್ತೆ, ಗೇಟ್‌ವೇ ವಿಫಲವಾಗಿ ಮರುಪ್ರಯತ್ನ ಮಾಡುವಾಗ ನೀವು ಹೊಸ ಸಾಲು ಸೇರಿಸುತ್ತೀರಾ, ಅಥವಾ ಹಳೆಯ ಸಾಲನ್ನೇ ಮತ್ತೆ ಓಡಿಸುತ್ತೀರಾ?

ತೋಟದಮನೆ_ಶಿರಸಿ · ಬುಧವಾರ ರಾತ್ರಿ 9:50

ಹೊಸ ಸಾಲು. ನೋಡಿದರೆ ಅದೂ ತಪ್ಪೇ. ಮೂರನೇ ಸಲಕ್ಕೆ ಹೋದ ಬಿಲ್ಲು 3 ಸೆಕೆಂಡಿನಲ್ಲಿ ಮುಗಿಯಿತು ಅಂತ ತೋರಿಸುತ್ತಿದೆ, ಸದಸ್ಯರು ಕಾದದ್ದು 20 ನಿಮಿಷ. ಮೊದಲ ಸಾಲಿನ ಸಮಯವನ್ನು ಜೊತೆಗೆ ಒಯ್ಯುವಂತೆ ಬದಲಾಯಿಸಿದೆ. ಗೇಟ್‌ವೇಗೆ 15 ಸೆಕೆಂಡಿನ ಟೈಮ್‌ಔಟ್ ಹಾಕಿದೆ. ಪಟ್ಟಿಗಳ ಕ್ಯೂ ಬೇರೆ ಮಾಡುವ ಕೆಲಸ ಶನಿವಾರಕ್ಕೆ ಇಟ್ಟುಕೊಂಡಿದ್ದೇನೆ, ಸಂತೆ ದಿನ ಬೇಡ ಅಂತ ಸಂಘದವರು ಹೇಳಿದ್ದಾರೆ.

ತೋಟದಮನೆ_ಶಿರಸಿ · ಗುರುವಾರ ಸಂಜೆ 6:30

ಇನ್ನೊಂದು ಗೊಂದಲ. ಪಟ್ಟಿಯ ಕ್ಯೂ ಇನ್ನೂ ಬೇರೆ ಮಾಡಿಲ್ಲ. ಆದರೂ ಇವತ್ತು ದಿನದ ಪಿ95 4 ಸೆಕೆಂಡು, ಹೊಸ ಕ್ವೆರಿಯಲ್ಲೇ, ಮುಗಿಯದ್ದು ಒಂದೂ ಇಲ್ಲ. ಶುಕ್ರವಾರ 90 ಇತ್ತು. ನಾನು ಏನೂ ಸರಿ ಮಾಡದೆ ಹೇಗೆ ಸರಿಹೋಯಿತು?

ಕಾಳಿದಂಡೆ · ಗುರುವಾರ ರಾತ್ರಿ 8:20

ಇವತ್ತು ಎಷ್ಟು ಬಿಲ್ ಸಿಕ್ಕಿಕೊಂಡವು?

ತೋಟದಮನೆ_ಶಿರಸಿ · ಗುರುವಾರ ರಾತ್ರಿ 8:26

28. ಪಟ್ಟಿ ಐದೇ ಬಂದಿತ್ತು. ಒಟ್ಟು ಬಿಲ್ 600ರ ಹತ್ತಿರ. ಓ, 30ಕ್ಕಿಂತ ಕಡಿಮೆ.

ಕಾಳಿದಂಡೆ · ಗುರುವಾರ ರಾತ್ರಿ 8:51

ಅದೇ. 600ರಲ್ಲಿ ಪಿ95 ಎಂಬುದು ಕೊನೆಯ 30 ಜನರ ಹೊಸ್ತಿಲಲ್ಲಿ ನಿಂತಿದೆ. ಸಿಕ್ಕಿಕೊಂಡವರು 36 ಆದರೆ ಪಿ95 ಅವರೊಳಗೆ ಬೀಳುತ್ತದೆ, 28 ಆದರೆ ಅವರೆಲ್ಲರೂ ಅದರಾಚೆ ಉಳಿದುಬಿಡುತ್ತಾರೆ. ನಿಮ್ಮದು ಎರಡು ಗುಂಪಿನ ಕ್ಯೂ ಆದ್ದರಿಂದ ನಡುವೆ ಇಳಿಜಾರು ಇಲ್ಲ, ಕಡಿದಾದ ದಂಡೆ. ಎಂಟು ಜನ ಕಡಿಮೆಯಾದದ್ದಕ್ಕೆ 90 ಸೆಕೆಂಡು ಹೋಗಿ 4 ಆಯಿತು. ಪಿ99 ನೋಡಿ, ಇವತ್ತೂ ಐದಾರು ನಿಮಿಷ ಇರುತ್ತದೆ.

ಸಮಯವನ್ನು ಮೊದಲು ಗಟ್ಟಿ ಮಾಡಿಕೊಂಡು ಜನರನ್ನು ಎಣಿಸುವುದು ಇಂಥ ಕಡೆ ಹೆಚ್ಚು ಭದ್ರ. "ಒಂದು ನಿಮಿಷ ದಾಟಿದವರು ಎಷ್ಟು?" ಎಂದು ಕೇಳಿ. ಶುಕ್ರವಾರಕ್ಕೂ ಇವತ್ತಿಗೂ ಆ ಸಂಖ್ಯೆ ಸ್ವಲ್ಪವೇ ಬದಲಾಗಿರುತ್ತದೆ, ದಂಡೆ ಹತ್ತಿ ಇಳಿಯುವುದಿಲ್ಲ. ಗುಮಾಸ್ತರಿಗೂ ಅದು ಕೂಡಲೇ ಅರ್ಥವಾಗುತ್ತದೆ, ಏಕೆಂದರೆ ಅವರಿಗೆ ಬರುವ ಫೋನು ಅಷ್ಟೇ.

ಘಟ್ಟದಕೆಳಗೆ · ಗುರುವಾರ ರಾತ್ರಿ 9:15

ಹಾಗಾದರೆ ಪಿ95 ಕೂಡ ಬೇಡ ಅಂತಲೇ?

ಕಾಳಿದಂಡೆ · ಗುರುವಾರ ರಾತ್ರಿ 9:22

ಬೇಡ ಅಂದಿಲ್ಲ. ಪಿ50, ಪಿ95, ಪಿ99 ಮೂರನ್ನೂ ಅಕ್ಕಪಕ್ಕ ಇಟ್ಟರೆ ದಂಡೆ ಎಲ್ಲಿದೆ ಎಂದು ಕಾಣುತ್ತದೆ. ಒಂದನ್ನೇ ಇಟ್ಟುಕೊಂಡರೆ ಅದು ದಂಡೆಯ ಯಾವ ಬದಿಗೆ ನಿಂತಿದೆ ಎಂಬುದು ಗೊತ್ತಾಗುವುದಿಲ್ಲ.

ನಿಮ್ಮ ಬಕೆಟ್ ಏನಾಯಿತು?

ಘಟ್ಟದಕೆಳಗೆ · ಗುರುವಾರ ರಾತ್ರಿ 9:40

900 ಸೆಕೆಂಡಿನವರೆಗೆ ಬಕೆಟ್ ಸೇರಿಸಿದೆವು. ಪಿ99 ಈಗ 240ರ ಹತ್ತಿರ ಓಡಾಡುತ್ತಿದೆ. ಇಷ್ಟು ತಿಂಗಳು ಅದು 10 ಅಂತ ನಾನೇ ಮೀಟಿಂಗಿನಲ್ಲಿ ಓದಿ ಹೇಳಿದ್ದೆ. ನಾಳೆ ತಿದ್ದಿ ಹೇಳಬೇಕು.

ತೋಟದಮನೆ_ಶಿರಸಿ · ಮುಂದಿನ ಮಂಗಳವಾರ ಸಂಜೆ 7:05

ಶನಿವಾರ ಪಟ್ಟಿಗಳಿಗೆ ಬೇರೆ ಕ್ಯೂ, ಬೇರೆ ವರ್ಕರ್ ಮಾಡಿದೆವು. ನಿನ್ನೆ ಮತ್ತು ಇವತ್ತು ಬಿಲ್ಲಿನ ಪಿ50 3, ಪಿ99 7 ಸೆಕೆಂಡು. ಒಂದು ನಿಮಿಷ ದಾಟಿದ ಬಿಲ್ಲು ನಿನ್ನೆ ಒಂದೂ ಇಲ್ಲ, ಇವತ್ತು ಎರಡು, ಅವೆರಡೂ ಗೇಟ್‌ವೇ ಟೈಮ್‌ಔಟ್ ಆಗಿ ಮರುಪ್ರಯತ್ನಕ್ಕೆ ಹೋದವು. ಪಟ್ಟಿ ಕೇಳಿದವರಿಗೆ ಮೊದಲಿನಷ್ಟೇ ಹೊತ್ತಾಗುತ್ತಿದೆ, ಅವರು ಕೌಂಟರಿನ ಎದುರೇ ಕೂತಿರುತ್ತಾರೆ, ಯಾರೂ ದೂರಿಲ್ಲ.

ಆದರೆ ಹಳೆಯ ತಿಂಗಳ ದತ್ತಾಂಶ ಕೈಯಲ್ಲಿತ್ತಲ್ಲ, ಒಂದು ನಿಮಿಷ ದಾಟಿದ ಬಿಲ್ಲುಗಳ ಸದಸ್ಯರು ಯಾರು ಅಂತ ತೆಗೆದು ನೋಡಿದೆ. ಎಲ್ಲರಿಗೂ ಸರದಿಯಂತೆ ಆಗಿರಬಹುದು ಅಂದುಕೊಂಡಿದ್ದೆ. ಹಾಗಿಲ್ಲ. ಅವೇ ನಾಲ್ಕೈದು ಊರುಗಳು ಮತ್ತೆ ಮತ್ತೆ ಬರುತ್ತಿವೆ. ದೂರದ ಊರಿನ ವಾಹನ ತಡವಾಗಿ ಬರುತ್ತದೆ, ಅವರ ಲಾಟಿನ ಸಂಖ್ಯೆ ಕೊನೆಗೆ ಬೀಳುತ್ತದೆ, ಖಾತ್ರಿಯಾಗುವುದು ಮೂರೂ ಐವತ್ತರ ಮೇಲೆ. ಕೌಂಟರಿನಲ್ಲಿ ಪಟ್ಟಿ ಕೇಳುವ ಹೊತ್ತೂ ಅದೇ. ಶೇಕಡಾ ಆರು ಜನ ಅಂತ ನಾವು ಲೆಕ್ಕ ಹಾಕುತ್ತಿದ್ದೆವು, ಅದರಲ್ಲಿ ಕೆಲವರು ತಿಂಗಳಿನಲ್ಲಿ ಬಂದ ಪ್ರತಿ ಸಲವೂ ಕಾದಿದ್ದಾರೆ.

ಹಳೇಲೆಕ್ಕ · ಮಂಗಳವಾರ ರಾತ್ರಿ 8:30

ಇದು ಬಹಳ ಮುಖ್ಯವಾದ ಮಾತು ತಂಗೀ. ಪರ್ಸೆಂಟೈಲ್ ಎಷ್ಟು ಮಂದಿ ಎಂದು ಹೇಳಿತು, ಯಾರು ಎಂದು ಹೇಳಲಿಲ್ಲ. ಊರುವಾರು ಬೇರೆ ಬೇರೆ ಪಿ95 ತೆಗೆದರೆ ಕಾಣುತ್ತಿತ್ತೋ ಏನೋ.

ಕಾಳಿದಂಡೆ · ಮಂಗಳವಾರ ರಾತ್ರಿ 9:10

ಊರುವಾರು ತೆಗೆದರೆ ಕೆಲವು ಊರಿಗೆ ದಿನಕ್ಕೆ ಮೂರು ಬಿಲ್ ಇರುತ್ತದೆ ಮೇಷ್ಟ್ರೆ, ಬಂದರುಬದಿಯವರ ಕಷ್ಟವೇ ಮತ್ತೆ ಬರುತ್ತದೆ. ತಿಂಗಳಿಗೊಮ್ಮೆ ಸದಸ್ಯರ ಲೆಕ್ಕದಲ್ಲಿ ಎಣಿಸಬಹುದು: ಒಂದು ನಿಮಿಷ ದಾಟಿದ್ದು ಎರಡು ಸಲಕ್ಕಿಂತ ಹೆಚ್ಚು ಯಾರಿಗಾಯಿತು ಅಂತ. ಗಡಿ ಎರಡು ಸಲ ಇರಬೇಕೋ ಮೂರೋ ನನಗೂ ಸ್ಪಷ್ಟವಿಲ್ಲ, ಸಂಘದವರನ್ನೇ ಕೇಳಬೇಕು.

ತೋಟದಮನೆ_ಶಿರಸಿ · ಮಂಗಳವಾರ ರಾತ್ರಿ 9:45

ಗುರುವಾರ ಸಂಘದ ಕಚೇರಿಗೆ ಹೋಗುತ್ತೇನೆ. ಆ ನಾಲ್ಕೈದು ಊರಿನ ಪಟ್ಟಿ ಒಯ್ಯುತ್ತಿದ್ದೇನೆ, ಯಾರ್ಯಾರು ಫೋನ್ ಮಾಡುತ್ತಿದ್ದರು ಎಂಬುದು ಗುಮಾಸ್ತರಿಗೆ ನೆನಪಿರುತ್ತದೆ, ಎರಡನ್ನೂ ಎದುರುಬದುರು ಇಟ್ಟು ನೋಡಬೇಕು.